ಕಾರ್ಬನ್ ಹಾಳೆಯ ಅರ್ಜಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಭಾನುವಾರ ಹತ್ತೊಂಬತ್ತು ಜನರ ಅರ್ಜಿಗಳನ್ನು ರದ್ದಿ ಡಬ್ಬಿಗೆ ಹಾಕಿದ್ದು ನನ್ನ ಬುದ್ಧಿಯಲ್ಲ, ಆ ಸಿಟ್ಟು.

ರಾಯಚೂರಿನಲ್ಲಿ ನನ್ನದೊಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬು. ಎರಡು ಕೋಣೆ, ಮೂರು ಯಂತ್ರ. ವರದಿಗಳನ್ನು ನೋಡಿ ಸಹಿ ಹಾಕಲು ಒಬ್ಬರು ಡಾಕ್ಟರು ದಿನಾ ಮಧ್ಯಾಹ್ನ ಬರುತ್ತಾರೆ. ದೇವದುರ್ಗದಲ್ಲಿ ರಕ್ತ ಸಂಗ್ರಹಿಸುವ ಒಂದು ಕೌಂಟರ್ ಮೊದಲಿನಿಂದ ಇತ್ತು. ಮಾನ್ವಿಯಲ್ಲಿ ಇನ್ನೊಂದು ತೆರೆಯಬೇಕೆಂದು ನಿರ್ಧರಿಸಿದೆ. ರಕ್ತ ತೆಗೆಯುವ ಹುಡುಗಿ ಸಿಕ್ಕಿದ್ದಳು. ಕೌಂಟರಿಗೊಬ್ಬರು ಬೇಕಾಗಿತ್ತು: ಬಂದವರ ಹೆಸರು ಬರೆದುಕೊಳ್ಳಬೇಕು, ಟ್ಯೂಬಿಗೆ ನಂಬರ್ ಸ್ಟಿಕರ್ ಅಂಟಿಸಬೇಕು, ವರದಿ ಕೊಡಬೇಕು. ಪಿಯುಸಿ ಪಾಸಾದವರು ಅರ್ಜಿ ಹಾಕಬಹುದು ಎಂದು ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದೆ. ಹತ್ತು ಬಂದಾವು ಅಂದುಕೊಂಡಿದ್ದೆ, ನಲವತ್ತೇಳು ಬಂದವು.

ಕೆಲವು ಅಂಚೆಯಲ್ಲಿ, ಕೆಲವು ಕೈಯಲ್ಲಿ. ಲಕೋಟೆಯ ಮೂಲೆಗೆ ಅರಿಶಿನ ಹಚ್ಚಿದವು ಇದ್ದವು, ದೊಡ್ಡವರ ಶಿಫಾರಸು ಚೀಟಿ ಪಿನ್ನು ಮಾಡಿದವೂ ಇದ್ದವು. ಹುಟ್ಟಿದಾಗಿನಿಂದ ಪಡೆದ ಎಲ್ಲ ಪ್ರಮಾಣಪತ್ರಗಳ ಜೆರಾಕ್ಸ್ ಸೇರಿಸಿ ಕಟ್ಟು ಕಳಿಸಿದವರಿದ್ದರು. ಜನರನ್ನು ಆರಿಸುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ರಕ್ತ ಪರೀಕ್ಷೆ ಮಾಡುವುದು ಬರುತ್ತಿತ್ತು, ಅಷ್ಟೆ.

ಭಾನುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬಳೇ ಕೂತು ಒಂದೊಂದೇ ಬಿಚ್ಚಿದೆ. ‘ಆಗಬಹುದು’, ‘ನೋಡೋಣ’, ‘ಬೇಡ’ ಎಂದು ಮೂರು ಗುಂಪು. ಮೊದಲ ಹತ್ತು ಪತ್ರಗಳನ್ನು ಪ್ರೀತಿಯಿಂದ ಓದಿದೆ. ಹನ್ನೊಂದನೆಯದು ಎಲ್ಲೋ ಓದಿದ ಹಾಗಿದೆಯಲ್ಲ ಅನಿಸಿತು. ಹದಿಮೂರನೆಯದೂ ಹಾಗೇ. ‘ತಮ್ಮ ಘನ ಸಂಸ್ಥೆಯಲ್ಲಿ ಸದರಿ ಹುದ್ದೆ ಖಾಲಿ ಇರುವ ವಿಷಯ ತಿಳಿದು ಅತೀವ ಸಂತೋಷವಾಗಿ, ತಮ್ಮ ಪಾದಗಳಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಅದೇ ಸಾಲು, ಅದೇ ಪಾದ. ಒಂದಲ್ಲ ಎರಡಲ್ಲ, ಹತ್ತೊಂಬತ್ತು. ನನ್ನ ಘನ ಸಂಸ್ಥೆಯಲ್ಲಿ ಫ್ಯಾನು ಕೂಡ ಕಿರ್ರೆನ್ನುತ್ತದೆ! ನಾಲ್ಕು ಸಾಲು ಸ್ವಂತ ಬರೆಯಲು ಬಾರದವರು, ಒಬ್ಬರದನ್ನೊಬ್ಬರು ನಕಲು ಹೊಡೆಯುವವರು, ನಾಳೆ ರೋಗಿಯ ಹೆಸರನ್ನು ಸರಿಯಾಗಿ ಬರೆದಾರೇ? ಹತ್ತೊಂಬತ್ತನ್ನೂ ಒಟ್ಟು ಮಾಡಿ ಡಬ್ಬಿಗೆ ಹಾಕಿದೆ. ಕೆಲಸ ಹಗುರಾಯಿತೆಂದು ಖುಷಿಯೂ ಆಯಿತು.

‘ಆಗಬಹುದು’ ಗುಂಪಿನಲ್ಲಿ ಆರು ಉಳಿದವು. ಅದರಲ್ಲೊಂದು ನನ್ನ ಅಕ್ಕನ ಮಗನದು.

ಅಕ್ಕ ಕಲ್ಲೂರಿನಲ್ಲಿರುತ್ತಾಳೆ. ನಾನು ಲ್ಯಾಬಿನ ಕೋರ್ಸು ಓದುವಾಗ ಅವಳು ಹತ್ತಿ ಬಿಡಿಸಲು ಹೋಗುತ್ತಿದ್ದಳು. ನನ್ನ ಮೈಮೇಲಿನ ಬಿಳಿ ಕೋಟು ಅವಳ ಕೈಯ ಗೀರುಗಳಿಂದ ಬಂದದ್ದು ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು. ಅಕ್ಕ ಮಾತ್ರ ಯಾವತ್ತೂ ಹೇಳಿದವಳಲ್ಲ, ನನ್ನ ಹತ್ತಿರ ಏನೂ ಕೇಳಿದವಳೂ ಅಲ್ಲ. ಆ ವಾರ ಮೊದಲ ಸಲ ಫೋನ್ ಮಾಡಿ ಕೇಳಿದ್ದಳು.

“ಅವನೂ ಅರ್ಜಿ ಹಾಕ್ಯಾನ ಬೇ. ಬಿಕಾಂ ಮುಗಿಸಿ ಎರಡು ವರ್ಷ ಆತು, ಮನ್ಯಾಗ ಕುಂತು ಕುಂತು ಮಾತಾಡೋದss ಬಿಟ್ಟಾನ. ಸ್ವಲ್ಪ ನೋಡು.”

“ನೋಡ್ತೀನಿ ಯಕ್ಕಾ,” ಎಂದಿದ್ದೆ. ಅವನ ಪತ್ರ ನಿಜಕ್ಕೂ ಚೆನ್ನಾಗಿತ್ತು, ತನ್ನದೇ ಮಾತಿನಲ್ಲಿ ಬರೆದಿದ್ದ. ಅವನನ್ನು ತೆಗೆದುಕೊಂಡರೆ ಯಾರೂ ಬೆರಳು ತೋರಿಸಲಾರರು ಎಂದು ನೆಮ್ಮದಿಯಾಗಿ ಮನೆಗೆ ಹೋದೆ.

ಮಂಗಳವಾರ ಮಾನ್ವಿಗೆ ಹೋಗಿದ್ದೆ, ಬಾಡಿಗೆ ಕರಾರಿನ ಕೆಲಸಕ್ಕೆ. ಅದರ ಜೆರಾಕ್ಸ್ ಬೇಕಾಗಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯ ಮುಂದೆ ನಿಂತೆ. ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವಳ ಎದುರು ಒಬ್ಬ ಮುದುಕ ಮಗಳನ್ನು ಕರೆದುಕೊಂಡು ಬಂದು ನಿಂತಿದ್ದ. ಯಾವುದೋ ಶಾಲೆಯ ಕೆಲಸಕ್ಕೆ ಅರ್ಜಿ.

“ಹೆಸರು, ಊರು, ಪಾಸಾದದ್ದು ಅಷ್ಟ ಹೇಳ್ರಿ. ಉಳಿದದ್ದು ರೆಡಿ ಅದ,” ಎಂದಳು ಅವಳು. ಪರದೆಯ ಮೇಲೆ ಕಣ್ಣು ಹಾಯಿಸಿದೆ. ‘ತಮ್ಮ ಘನ ಸಂಸ್ಥೆಯಲ್ಲಿ ಸದರಿ ಹುದ್ದೆ ಖಾಲಿ ಇರುವ ವಿಷಯ ತಿಳಿದು ಅತೀವ ಸಂತೋಷವಾಗಿ...’

ನಾನು ತಡೆಯಲಾರದೆ ಮುದುಕನನ್ನು ಕೇಳಿದೆ, “ಯಪ್ಪಾ, ಮಗಳು ಓದ್ಯಾಳಲ್ರಿ, ಆಕಿನss ಕೈಲೆ ಬರೀಬಹುದಲ್ಲ?”

ಅವನು ನನ್ನನ್ನು ಏನೂ ತಿಳಿಯದವಳಂತೆ ನೋಡಿದ. “ಬರೀತಾಳ್ರೀ, ಅಕ್ಷರ ಮುತ್ತಿನಂಗ ಅವ. ಆದ್ರ ದೊಡ್ಡೋರಿಗೆ ಕೈಲೆ ಗೀಚಿ ಕೊಟ್ರ ಬೇಅದಬಿ ಆಗ್ತದ. ಟೈಪ್ ಮಾಡಿಸಿದ್ರss ಮರ್ಯಾದಿ.”

ಇದೇ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮಪ್ಪನ ಬಾಯಲ್ಲಿ. ನಾನು ಹತ್ತನೆಯದು ಪಾಸಾದ ವರ್ಷ. ರಾಯಚೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಕಲಿಸಿ ಇಟ್ಟುಕೊಳ್ಳುತ್ತಾರೆಂದು ಸುದ್ದಿ ತಿಳಿದು, ಅಪ್ಪ ಅಕ್ಕನನ್ನೂ ನನ್ನನ್ನೂ ದೇವದುರ್ಗದ ತಹಸೀಲ್ ಕಚೇರಿಯ ಮುಂದೆ ಟೈಪ್ ಮಷೀನು ಇಟ್ಟುಕೊಂಡು ಕೂತವನ ಹತ್ತಿರ ಕರೆದೊಯ್ದ. ಅಪ್ಪ ಕೂಲಿಯವನು, ಅವತ್ತು ಕೂಲಿ ಬಿಟ್ಟು ಬಂದಿದ್ದ. ಆ ಟೈಪಿನವ ಎರಡು ಹಾಳೆಗಳ ನಡುವೆ ಕರಿ ಕಾರ್ಬನ್ ಇಟ್ಟು ಮಷೀನಿಗೆ ಸುತ್ತಿದ್ದು, ಅಕ್ಕ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ್ದು ನನಗಿನ್ನೂ ನೆನಪಿದೆ. ಎರಡನೆಯ ಪ್ರತಿ ಅಪ್ಪ ಇಟ್ಟುಕೊಳ್ಳಲಿಕ್ಕೆ ಅಂದುಕೊಂಡಿದ್ದೆ. ಆ ಅರ್ಜಿಯ ಒಂದು ಮಾತೂ ನನ್ನದಾಗಿರಲಿಲ್ಲ. ಅದರಿಂದಲೇ ನನಗೆ ಕೆಲಸ ಸಿಕ್ಕಿತು.

ಮಾನ್ವಿಯಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಆ ಹತ್ತೊಂಬತ್ತರಲ್ಲಿ ನಾನು ಓದಿದ್ದು ಆ ಟೈಪ್ ಮಾಡುವ ಹೆಂಗಸಿನ ಪತ್ರವನ್ನು. ಅರ್ಜಿ ಹಾಕಿದವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಚಂದದ ಪತ್ರ ಬರೆದವರ ಬಗ್ಗೆಯೂ ಗೊತ್ತಿರಲಿಲ್ಲ, ಅದನ್ನು ಯಾರು ಬರೆದುಕೊಟ್ಟರೋ! ಮನಸ್ಸಿನಲ್ಲಿ ಇನ್ನೊಂದು ಮಾತೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಡಬ್ಬಿಯ ಅರ್ಜಿಗಳು ಡಬ್ಬಿಯಲ್ಲೇ ಇದ್ದರೆ ಅಕ್ಕನ ಮಗನಿಗೆ ಹತ್ತೊಂಬತ್ತು ಜನ ಪೈಪೋಟಿಯವರು ಕಡಿಮೆ. ಯಾರಿಗೂ ತಿಳಿಯುವುದಿಲ್ಲ. ನಾನೂ ಮರೆತರೆ ಮುಗಿಯಿತು.

ಲ್ಯಾಬಿಗೆ ಹೋದವಳೇ ಡಬ್ಬಿಗೆ ಕೈ ಹಾಕಿದೆ. ರದ್ದಿಯವನು ಇನ್ನೂ ಬಂದಿರಲಿಲ್ಲ.

ನನ್ನ ಜೊತೆ ಮೊದಲ ದಿನದಿಂದ ಇರುವ ಟೆಕ್ನಿಶಿಯನ್ ಒಬ್ಬರಿದ್ದಾರೆ. ವಯಸ್ಸಾದ ಮುಸಲ್ಮಾನರು, ನಾನು ಚಾಚಾ ಅನ್ನುತ್ತೇನೆ, ಅವರು ನನ್ನನ್ನು ಬೇಟಾ ಅನ್ನುತ್ತಾರೆ. ನಡೆದದ್ದನ್ನೆಲ್ಲ ಅವರ ಮುಂದೆ ಹೇಳಿದೆ, ಅಕ್ಕನ ಮಗನ ವಿಷಯವನ್ನೂ ಸೇರಿಸಿ. ಅವರು ಬೈಯುತ್ತಾರೆಂದುಕೊಂಡಿದ್ದೆ. ಸ್ಟಿಕರ್ ರೋಲ್ ತಂದು ಮೇಜಿನ ಮೇಲಿಟ್ಟರು.

“ರಕ್ತದ ಟ್ಯೂಬಿಗೆ ಏನು ಮಾಡ್ತೀವಿ ಬೇಟಾ? ಹೆಸರು ಮಷೀನಿಗೆ ಬೇಕಾಗಿಲ್ಲ. ನಂಬರ್ ಹಚ್ತೀವಿ. ಇದಕ್ಕೂ ಹಂಗss ಮಾಡೋಣ.”

ಅಲ್ಲಿಂದ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆವು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಆಗಬಾರದು ಎನ್ನುವ ಹಟ ಹಿಡಿದಿತ್ತು. ನಾನು ಭಾನುವಾರ ಮಾಡಿದ ದೊಡ್ಡ ತಪ್ಪು ಪತ್ರ ಎಸೆದದ್ದಲ್ಲ ಎಂದು ಆಗ ತಿಳಿಯಿತು. ಏನು ಬೇಕೆಂದು ಗೊತ್ತು ಮಾಡಿಕೊಳ್ಳದೆ ಓದಲು ಕೂತದ್ದು ತಪ್ಪು. ಹಾಗೆ ಕೂತರೆ ಕಣ್ಣಿಗೆ ಚಂದ ಕಂಡದ್ದೇ ಬೇಕಾದದ್ದಾಗುತ್ತದೆ. ಆದ್ದರಿಂದ ಯಾವ ಪತ್ರವನ್ನೂ ಮುಟ್ಟದೆ ಒಂದು ಹಾಳೆಯಲ್ಲಿ ಬರೆದೆವು: ಹೆಸರು, ನಂಬರು ತಪ್ಪಿಲ್ಲದೆ ಬರೆಯಬೇಕು. ಹೆದರಿ ಬಂದವರ ಜೊತೆ, ಸಿಟ್ಟಾಗಿ ಬಂದವರ ಜೊತೆ ಸಮಾಧಾನದಿಂದ ಮಾತಾಡಬೇಕು. ಉಪವಾಸದ ರಕ್ತ ಕೊಡಲು ಬರುವವರಿಗೆ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದಿರಬೇಕು. ತಪ್ಪಾದರೆ ಮುಚ್ಚಿಡದೆ ಹೇಳಬೇಕು. ಇಂಗ್ಲಿಷು, ಫೋಟೋ, ಡಿಗ್ರಿ, ಯಾರ ಪೈಕಿ ಅನ್ನುವುದು ಈ ಕೆಲಸಕ್ಕೆ ಬೇಕೇ ಎಂದು ಕೇಳಿಕೊಂಡೆವು. ಬೇಕಾಗಿರಲಿಲ್ಲ. ಶಿಫಾರಸು ಚೀಟಿಗಳನ್ನು ಚಾಚಾ ಓದದೆ ಒಂದು ಲಕೋಟೆಗೆ ತುಂಬಿ ಅಂಟಿಸಿಬಿಟ್ಟರು.

ನಮಗೆ ಬೇಕಾದ ನಾಲ್ಕು ಸಂಗತಿಗಳಲ್ಲಿ ಒಂದೂ ಯಾರ ಅರ್ಜಿಯಲ್ಲೂ ಇರಲಿಲ್ಲ. ಇಲ್ಲದ್ದನ್ನು ಊಹಿಸಿ ಅಂಕ ಕೊಡುವುದಕ್ಕಿಂತ ಕೇಳುವುದೇ ಮೇಲು. ಪಿಯುಸಿ ಪಾಸಾಗದ ಮೂರನ್ನು ಮಾತ್ರ ಬಿಟ್ಟು ಉಳಿದ ನಲವತ್ನಾಲ್ಕು ಜನಕ್ಕೂ ಒಂದೇ ಹಾಳೆ ಕಳಿಸಿದೆವು. ನೀವು ಮಾಡಿದ ಒಂದು ತಪ್ಪು, ಅದನ್ನು ಹೇಗೆ ಸರಿ ಮಾಡಿದಿರಿ? ಸಿಟ್ಟಾದ ಒಬ್ಬರನ್ನು ಹೇಗೆ ಸಮಾಧಾನ ಮಾಡಿದಿರಿ? ಏಳಕ್ಕೆ ಮಾನ್ವಿಗೆ ಹೇಗೆ ಬರುತ್ತೀರಿ? ಯಾವ ಯಾವ ಭಾಷೆ ಮಾತಾಡುತ್ತೀರಿ? ಮನೆ, ಹೊಲ, ಊರಿನ ಕೆಲಸದ ಉದಾಹರಣೆಯೂ ನಡೆಯುತ್ತದೆ ಎಂದು ಬರೆದೆವು. ಕೊನೆಗೆ ಒಂದು ಸಾಲು: ‘ದಯವಿಟ್ಟು ಟೈಪ್ ಮಾಡಿಸಬೇಡಿ, ನಿಮ್ಮ ಕೈಯಲ್ಲೇ ಬರೆಯಿರಿ, ಇದರಲ್ಲಿ ಅಗೌರವವೇನೂ ಇಲ್ಲ.’

ಮೂವತ್ತೆಂಟು ಹಾಳೆ ತಿರುಗಿ ಬಂದವು. ಚಾಚಾ ಹೆಸರು, ಊರು ಮುಚ್ಚಿ ನಂಬರ್ ಅಂಟಿಸಿದರು. ಯಾವ ರೀತಿಯ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಟ್ಟಿದ್ದೆವು. ಒಬ್ಬರ ಹಾಳೆಯನ್ನು ಪೂರ್ತಿ ನೋಡುವ ಬದಲು ಮೂವತ್ತೆಂಟರಲ್ಲೂ ಮೊದಲ ಪ್ರಶ್ನೆ, ಆಮೇಲೆ ಹಾಳೆಗಳನ್ನು ಕಲೆಸಿ ಎರಡನೆಯ ಪ್ರಶ್ನೆ, ಹೀಗೆ ನೋಡುವುದೆಂದು ಗೊತ್ತು ಮಾಡಿದೆವು. ಇಲ್ಲದಿದ್ದರೆ ಒಂದು ಉತ್ತರ ಹಿಡಿಸಿತೆಂದು ಮಿಕ್ಕದ್ದೂ ಚಂದವೇ ಕಾಣುತ್ತದೆ. ನಾನೊಂದು ಮೂಲೆ, ಚಾಚಾ ಒಂದು ಮೂಲೆ. ಅಂಕ ಹಾಕಿ ಮುಗಿಯುವವರೆಗೆ ಮಾತಿಲ್ಲ.

ಮುಗಿದ ಮೇಲೆ ಚಾಚಾ ನಕ್ಕರು. ದಿನಾ ಬೆಳಿಗ್ಗೆ ನಾವು ಯಂತ್ರಕ್ಕೆ ಮೊದಲೇ ಉತ್ತರ ಗೊತ್ತಿರುವ ಒಂದು ಸ್ಯಾಂಪಲ್ ಹಾಕಿ ಯಂತ್ರ ಸರಿ ಇದೆಯೇ ನೋಡುತ್ತೇವೆ. ಈ ಮನುಷ್ಯ ಅದೇ ಆಟವನ್ನು ನನ್ನ ಮೇಲೆ ಆಡಿದ್ದರು. ಒಂದೇ ಉತ್ತರವನ್ನು ತಾವು ಕೂತು ಎರಡು ಹಾಳೆಯಲ್ಲಿ ನಕಲು ಮಾಡಿ, ಬೇರೆ ಬೇರೆ ನಂಬರ್ ಅಂಟಿಸಿ ಸೇರಿಸಿದ್ದರು. ಬೆಳಿಗ್ಗೆ ಸಿಕ್ಕಿದ್ದಕ್ಕೆ ನಾನು ಮೂರು ಕೊಟ್ಟಿದ್ದೆ. ಊಟದ ಹೊತ್ತು ಮೀರಿ ಹೊಟ್ಟೆ ಚುರುಗುಟ್ಟುವಾಗ ಸಿಕ್ಕಿದ್ದಕ್ಕೆ ಒಂದು.

“ಮಷೀನು ಕೆಟ್ಟದ ಬೇಟಾ,” ಎಂದರು.

ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆಯಾಯಿತು. ಊಟ ಮಾಡಿ ಬಂದು ಮಧ್ಯಾಹ್ನದ ಅಂಕಗಳನ್ನೆಲ್ಲ ಹೊಡೆದು ಹಾಕಿ ಮರುದಿನ ಬೆಳಿಗ್ಗೆ ಮತ್ತೆ ಕೂತೆ. ಹಾಗೆ ಕೂತಾಗ ಒಂದು ಹಾಳೆಯ ಬರಹ ಗುರುತು ಸಿಕ್ಕಿಬಿಟ್ಟಿತು. ‘ಳ’ಕಾರದ ಬಾಲ ಎಳೆಯುವುದನ್ನು ಅಕ್ಕನ ಮಗನಿಗೆ ಕಲಿಸಿದ್ದೇ ನಾನು. ಪೆನ್ನು ಕೆಳಗಿಟ್ಟೆ. ಅದೊಂದನ್ನೇ ತೆಗೆದು ಬೇರೆಯವರಿಗೆ ಕೊಟ್ಟರೆ ಅದು ಯಾರದೆಂದು ಅವರಿಗೂ ಗೊತ್ತಾಗುತ್ತದೆ. ಆದ್ದರಿಂದ ಇಡೀ ಕಟ್ಟನ್ನೇ ನಮ್ಮ ಡಾಕ್ಟರಿಗೆ ಕೊಟ್ಟು, ನನ್ನ ಬದಲು ನೀವೇ ಅಂಕ ಹಾಕಿರಿ ಎಂದೆ. ನನ್ನ ಅಂಕಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಲ್ಯಾಬು ನನ್ನದು, ನಷ್ಟವಾದರೂ ನನ್ನದೇ, ಆದರೂ ಆ ಮೇಜಿನಿಂದ ಏಳುವುದೇ ಸರಿ ಅನಿಸಿತು. ಎದ್ದೆ. ಸುಲಭವಾಗಿರಲಿಲ್ಲ.

ಡಾಕ್ಟರು, ಚಾಚಾ ಇಬ್ಬರ ಅಂಕ ಕೂಡಿಸಿ, ಹೆಚ್ಚು ಅಂತರ ಬಂದ ಕಡೆ ಅವರು ಕಾರಣ ಹೇಳಿಕೊಂಡು ಮತ್ತೆ ನೋಡಿ, ಆರು ಜನರನ್ನು ಕರೆದರು. ಅಕ್ಕನ ಮಗನಿದ್ದ. ಹಿರೇಕೊಟ್ನೆಕಲ್ಲಿನ ಒಬ್ಬ ಹುಡುಗಿಯೂ ಇದ್ದಳು, ಡಬ್ಬಿಯಿಂದ ಎತ್ತಿದ ಹತ್ತೊಂಬತ್ತರಲ್ಲಿ ಒಬ್ಬಳು. ಅವಳು ತನ್ನ ತಪ್ಪೆಂದು ಬರೆದಿದ್ದು ಇದು: ಪೋಲಿಯೊ ಹನಿ ಹಾಕುವ ದಿನ ಊರಿನ ಆಶಾ ಕಾರ್ಯಕರ್ತೆಯ ಜೊತೆ ಹೋಗಿದ್ದಾಗ, ಬೀಗ ಹಾಕಿದ್ದ ಒಂದು ಮನೆಯ ಗೋಡೆಗೆ ಹನಿ ಹಾಕಿಯಾಯಿತೆಂದು ಗುರುತು ಬರೆದುಬಿಟ್ಟಿದ್ದಳು. ಸಂಜೆ ನೆನಪಾಗಿ, ಆಶಾ ಅಕ್ಕನಿಗೆ ಹೇಳಿ, ಬೈಸಿಕೊಂಡು, ಇಬ್ಬರೂ ತಿರುಗಿ ಹೋಗಿ ಮಗುವಿಗೆ ಹನಿ ಹಾಕಿ ಬಂದಿದ್ದರು.

ಆರು ಜನಕ್ಕೂ ಒಂದೇ ಕೆಲಸ ಕೊಟ್ಟರು. ಹತ್ತು ಫಾರಮು, ಹತ್ತು ಟ್ಯೂಬು. ಟ್ಯೂಬಿನಲ್ಲಿ ರಕ್ತದ ಬದಲು ಕುಂಕುಮದ ನೀರು. ಟ್ಯೂಬಿನ ಮೇಲೆ ಬರೆದ ಹೆಸರು, ವಯಸ್ಸು ನೋಡಿ ಫಾರಮಿಗೂ ಟ್ಯೂಬಿಗೂ ಒಂದೇ ನಂಬರ್ ಅಂಟಿಸಬೇಕು. ಅದರಲ್ಲಿ ಒಂದೇ ಹೆಸರಿನ, ಒಂದೇ ಊರಿನ, ಬೇರೆ ವಯಸ್ಸಿನ ಇಬ್ಬರನ್ನು ಸೇರಿಸಿದ್ದರು. ಒಂದು ಟ್ಯೂಬಿನ ಮೇಲೆ ಹೆಸರೇ ಇರಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಕೂತಿದ್ದೆ, ಫಲಿತಾಂಶ ಬರುವವರೆಗೆ ಹೊರಗೆ ಬರಲಿಲ್ಲ.

ಅಕ್ಕನ ಮಗ ಎಲ್ಲರಿಗಿಂತ ಬೇಗ ಮುಗಿಸಿದ. ಒಂದೇ ಹೆಸರಿನ ಇಬ್ಬರನ್ನು ವಯಸ್ಸು ನೋಡಿ ಸರಿಯಾಗಿ ಬೇರ್ಪಡಿಸಿದ್ದ. ಹೆಸರಿಲ್ಲದ ಟ್ಯೂಬಿಗೂ ಸ್ಟಿಕರ್ ಅಂಟಿಸಿದ್ದ. ಯಾಕೆಂದು ಕೇಳಿದ್ದಕ್ಕೆ, “ಫಾರಮು ಒಂದss ಉಳಿದಿತ್ತು, ಟ್ಯೂಬೂ ಒಂದss ಉಳಿದಿತ್ತಲ್ರಿ,” ಎಂದನಂತೆ. ಲೆಕ್ಕಕ್ಕೆ ಅದು ಸರಿಯೇ. ರಕ್ತದ ಕೆಲಸದಲ್ಲಿ ಸರಿಯಲ್ಲ. ಯಾರದೆಂದು ಗೊತ್ತಿಲ್ಲದ ರಕ್ತಕ್ಕೆ ಊಹೆಯಿಂದ ಹೆಸರು ಕೊಟ್ಟರೆ ಒಬ್ಬರ ಕಾಯಿಲೆಗೆ ಇನ್ನೊಬ್ಬರು ಔಷಧ ತಿನ್ನುತ್ತಾರೆ. ಹಿರೇಕೊಟ್ನೆಕಲ್ಲಿನ ಹುಡುಗಿ ನಿಧಾನಿಸಿದಳು, ನಡುವೆ ಒಮ್ಮೆ ಅಂಟಿಸಿದ್ದನ್ನು ತೋರಿಸಿ ತಪ್ಪಾಯಿತೆಂದಳು, ಹೆಸರಿಲ್ಲದ ಟ್ಯೂಬನ್ನು ಪಕ್ಕಕ್ಕಿಟ್ಟು ಚೀಟಿ ಬರೆದಳು: ‘ಇದು ಯಾರದೆಂದು ಗೊತ್ತಿಲ್ಲ. ಅವರನ್ನು ಕರೆಸಿ ಮತ್ತೆ ತೆಗೆಯಬೇಕು.’ ಆರು ಜನರಲ್ಲಿ ಹಾಗೆ ಬರೆದವಳು ಅವಳೊಬ್ಬಳೇ.

ಅವಳು ಮೊದಲು, ಅಕ್ಕನ ಮಗ ಎರಡನೆಯವ. ಚಾಚಾ ಪಟ್ಟಿಯನ್ನು ನನ್ನ ಕೈಗಿಟ್ಟು, “ಡಬ್ಬಿಗೆ ಕೈ ಹಾಕದಿದ್ರ ನಿಮ್ಮ ಹುಡುಗನss ಮೊದಲು ಇರ್ತಿದ್ದ,” ಎಂದರು. ಅದು ನನಗೂ ಗೊತ್ತಿತ್ತು.

ಕೆಲಸ ಸಿಗದವರಿಗೆ ಸುದ್ದಿ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ, ಕಾದು ಕಾದು ಅವರೇ ತಿಳಿದುಕೊಳ್ಳಬೇಕು. ನಾನು ಎಲ್ಲರಿಗೂ ಪತ್ರ ಕಳಿಸಿದೆ. ಕಳಿಸುವಾಗ ನೋಡಿದರೆ ಎಲ್ಲದರಲ್ಲೂ ಅವೇ ಸಾಲುಗಳು, ಹೆಸರು ಮಾತ್ರ ಬೇರೆ. ಚಾಚಾ ಬೇಕೆಂದೇ ಕೆಮ್ಮಿದರು. ಕಡೆಯ ಸುತ್ತಿಗೆ ಬಂದ ಐವರಿಗೆ ಮಾತ್ರ ಅಂಕ ಎಲ್ಲಿ ಹೋಯಿತೆಂದು ಬೇರೆ ಬೇರೆ ಬರೆದೆ. ಅಕ್ಕನ ಮಗನದನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಕಲ್ಲೂರಿಗೆ ನಾನೇ ಹೋದೆ.

ಅಕ್ಕ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮಗ ಹೊರಗೆ ಹೋಗಿದ್ದ. ಎದುರು ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ, ಡಬ್ಬಿಯ ವಿಷಯ, ಮಾನ್ವಿಯ ಅಂಗಡಿ, ಹೆಸರಿಲ್ಲದ ಟ್ಯೂಬು, ಹಿರೇಕೊಟ್ನೆಕಲ್ಲಿನ ಹುಡುಗಿ. ಅವಳ ಕೈ ನಿಲ್ಲಲಿಲ್ಲ.

“ನಿನ್ನ ಮಗ ಕೆಲಸಕ್ಕ ಬಾರದಾಂವ ಅಂತಲ್ಲ ಯಕ್ಕಾ,” ಎಂದೆ. “ಹತ್ತಿದ ನಿಚ್ಚಣಿಕಿ ಒದ್ದೆ ಅನ್ನಬ್ಯಾಡ.”

“ಅನ್ನಂಗಿಲ್ಲ. ಆದ್ರ ಹೊಟ್ಟಿ ಉರೀತದ, ಅದನ್ನ ಮುಚ್ಚಿಡಂಗಿಲ್ಲ,” ಎಂದಳು. ಸ್ವಲ್ಪ ಹೊತ್ತು ಕಲ್ಲು ಆರಿಸಿದಳು. ಆಮೇಲೆ ಕೇಳಿದಳು, “ಆ ಹತ್ತೊಂಬತ್ತೂ ಒಂದss ನಮೂನಿ ಇದ್ವು ಅಂದಿ. ಒಗೆಯೋ ಮೊದಲು ಓದಿದ್ದಿಯೇನು?”

“ಇಲ್ಲ. ನಕಲು ಅಂತ ಒಗೆದಿದ್ದೆ.”

ಮೊರ ಕೆಳಗಿಟ್ಟಳು.

“ದೇವದುರ್ಗದಾಗ ಕಾರ್ಬನ್ ಇಟ್ಟು ಎರಡು ಮಾಡಿಸಿದ್ವಲ್ಲ, ನೆನಪದ ಏನು?”

“ಅದ. ಒಂದು ಅಪ್ಪನ ಹಂತ್ಯಾಕ ಇರಲಂತ.”

“ಅದು ಯಪ್ಪಂದಲ್ಲ ಬೇ, ನಂದು. ನಾನೂ ಹತ್ತು ಪಾಸಾಗಿದ್ದೆ, ನಿನಗಿಂತ ಒಂದು ವರ್ಷ ಮೊದಲು. ಹೆಸರಿನ ಜಾಗ ಖಾಲಿ ಬಿಟ್ಟು ಆಮ್ಯಾಲ ತುಂಬಿದ ಆ ಟೈಪಿನಾಂವ. ಮ್ಯಾಲಿನ ಹಾಳಿ ತಂಗಿಗೆ ಹಾಕ್ರಿ, ಕಾರ್ಬನ್ನಿಂದು ನನಗಿರಲಿ ಅಂತ ನಾನss ಅಂದೆ. ನೀ ಸಣ್ಣಾಕಿ ಇದ್ದಿ.”

“ಮತ್ತ ನಿಂದು ಏನಾತು ಯಕ್ಕಾ?”

“ನರ್ಸಿಂಗ್ ಹೋಮಿನಾಗ ನಿನ್ನ ಒಳಗ ಲ್ಯಾಬು ತೋರಿಸಾಕ ಕರ್ಕೊಂಡು ಹೋದ್ರು. ಆ ದೊಡ್ಡ ಡಾಕ್ಟ್ರು ನಿಂದು ಓದಿದ್ರು. ನಂದು ತೆಗೆದು, ಇದು ಅದರ ನಕಲು ಅಂತ ಮಡಚಿ ಯಪ್ಪನ ಕೈಯಾಗ ಕೊಟ್ರು. ಕೆಳಗಿನ ಹೆಸರು ನೋಡಲೇ ಇಲ್ಲ. ಯಪ್ಪ ಬಾಯಿ ತೆಗೀಲಿಲ್ಲ, ನಿಂದೂ ಹೋದೀತು ಅಂತ ಅಂಜಿದ. ಓದಿ ಬ್ಯಾಡ ಅಂದಿದ್ರ ಇಷ್ಟು ವರ್ಷ ನೆನಪು ಇಡ್ತಿದ್ದಿಲ್ಲ ನಾನು.”

ಇಷ್ಟು ವರ್ಷ ನಾನು ಏನು ನಂಬಿದ್ದೆ? ಅಕ್ಕನಿಗೆ ಓದು ಬೇಡವಾಗಿತ್ತು, ಹತ್ತಿ ಬಿಡಿಸುವುದು ಅವಳಿಗೆ ಒಗ್ಗಿತ್ತು ಎಂದು. ಅವಳ ಮುಂದೆ ಅಂಗಳದಲ್ಲೇ ಅತ್ತೆ. ಅವಳು ಸುಮ್ಮನಿರಿಸಲೂ ಇಲ್ಲ, ಅಳಲೂ ಇಲ್ಲ. ನನ್ನ ಕೈಯಲ್ಲಿದ್ದ ಲಕೋಟೆಯನ್ನು ತೆಗೆದುಕೊಂಡು, ಅದರ ಮೇಲಿದ್ದ ಮಗನ ಹೆಸರನ್ನು ಬೆರಳಿಟ್ಟು ಓದಿದಳು.

“ಇದರಾಗ ಯಾಕ ಆಗಲಿಲ್ಲಂತ ಬರದೀಯೇನು?”

“ಬರದೀನಿ.”

“ಹೆಸರಿಲ್ಲದ ಟ್ಯೂಬಿಂದು?”

“ಅದನ್ನೂ.”

“ಹಂಗಾರ ಅವನಿಗೆ ನಾನss ಓದಿ ಹೇಳ್ತೀನಿ,” ಎಂದು ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊರ ಎತ್ತಿಕೊಂಡ ಮೇಲೆ ಕೇಳಿದಳು, “ಆ ಹಿರೇಕೊಟ್ನೆಕಲ್ಲಿನಾಕಿಗೂ ನನ್ನಂಗ ತಂಗಿ ಅದಾಳೇನು?”

ನನಗೆ ಗೊತ್ತಿಲ್ಲ ಎಂದೆ. ಆ ಪ್ರಶ್ನೆಯನ್ನು ನಾವು ಯಾರಿಗೂ ಕೇಳಿರಲಿಲ್ಲ.